ನಡೆದದ್ದು ಒಂದು ಕಡೆ, ಅನಿಸಿದ್ದು ಇನ್ನೊಂದು ಕಡೆ

ಅಮೆರಿಕಕ್ಕೆ ಆಮದಾಗುತ್ತಿದ್ದ ಮೋಟಾರ್‌ಸೈಕಲ್‌ಗಳಲ್ಲಿ 1959ರಲ್ಲಿ ಬ್ರಿಟನ್ನಿನ ಪಾಲು ಶೇ. 49 ಇತ್ತು. 1973ರ ಹೊತ್ತಿಗೆ ಅದು ಶೇ. 9ಕ್ಕೆ ಬಂದು ನಿಂತಿತು. ಇದಕ್ಕೆ ಕಾರಣವೇನು, ಇನ್ನು ಮುಂದೆ ಮಾಡಬಹುದಾದದ್ದೇನು ಎಂದು ಬ್ರಿಟಿಷ್ ಸರ್ಕಾರ ಬಾಸ್ಟನ್ ಕನ್ಸಲ್ಟಿಂಗ್ ಗ್ರೂಪ್ ಎಂಬ ಸಲಹಾ ಸಂಸ್ಥೆಯನ್ನು ಕೇಳಿತು. 1975ರಲ್ಲಿ ಬಂದ ವರದಿಯ ಉತ್ತರ ಬಹಳ ಅಚ್ಚುಕಟ್ಟಾಗಿತ್ತು. ಹೋಂಡಾ ಮೊದಲಾದ ಜಪಾನಿ ಕಂಪನಿಗಳು ತಮ್ಮ ದೇಶದಲ್ಲೇ ಸಣ್ಣ ಬೈಕುಗಳನ್ನು ದೊಡ್ಡ ಸಂಖ್ಯೆಯಲ್ಲಿ ತಯಾರಿಸಿ ಖರ್ಚು ತಗ್ಗಿಸಿಕೊಂಡಿದ್ದವು. ಆ ಬಲದ ಮೇಲೆ ಸಣ್ಣ ಬೈಕುಗಳ ಮೂಲಕ ಅಮೆರಿಕದ ಮಾರುಕಟ್ಟೆ ಹೊಕ್ಕು ಮೆಟ್ಟಿಲು ಮೆಟ್ಟಿಲಾಗಿ ಮೇಲೇರಿದವು. ಈ ವಿವರಣೆ ಮ್ಯಾನೇಜ್‌ಮೆಂಟ್ ಶಾಲೆಗಳ ತರಗತಿಗೂ ಬಂತು. ಅದನ್ನು ಓದಿದ ವಿದ್ಯಾರ್ಥಿಗಳು ಹೋಂಡಾ ಲೆಕ್ಕ ಹಾಕಿ ಹೂಡಿದ ತಂತ್ರವನ್ನು ಮೆಚ್ಚಿದರು.

1982ರಲ್ಲಿ ರಿಚರ್ಡ್ ಪಾಸ್ಕೇಲ್ ಎಂಬ ಪ್ರಾಧ್ಯಾಪಕರು ಅಮೆರಿಕದಲ್ಲಿ ಹೋಂಡಾ ವ್ಯಾಪಾರ ಶುರು ಮಾಡಿದ ಆರು ಮಂದಿ ಅಧಿಕಾರಿಗಳನ್ನು ಕಂಡು ಮಾತಾಡಿಸಿದರು. ಅವರು ಹೇಳಿದ ಕಥೆಯೇ ಬೇರೆ. ತಾವು ಮಾರಲು ಹೋದದ್ದು ದೊಡ್ಡ ಬೈಕುಗಳನ್ನು. ಅಮೆರಿಕದ ಹೆದ್ದಾರಿಗಳಲ್ಲಿ ಜೋರಾಗಿ, ದೂರದೂರ ಓಡಿಸಿದ್ದರಿಂದ ಅವುಗಳ ಎಣ್ಣೆ ಸೋರಿತು, ಕ್ಲಚ್ ಕೆಟ್ಟಿತು. ಲಾಸ್ ಏಂಜಲಿಸ್‌ನಲ್ಲಿ ಚಿಕ್ಕಪುಟ್ಟ ಕೆಲಸಕ್ಕೆ ಓಡಾಡಲು ತಾವೇ ಬಳಸುತ್ತಿದ್ದ 50 ಸಿಸಿಯ ಸೂಪರ್ ಕಬ್ ದಾರಿಹೋಕರ ಕಣ್ಣಿಗೆ ಬಿತ್ತು. ಸಿಯರ್ಸ್ ಎಂಬ ದೊಡ್ಡ ಮಳಿಗೆ ಸಂಸ್ಥೆಯಿಂದಲೂ ವಿಚಾರಿಸಿ ಫೋನ್ ಬಂತು. ಆದರೂ ಸಣ್ಣ ಬೈಕು ಮಾರಿದರೆ ಹೆಸರು ಕೆಟ್ಟೀತೆಂದು ಹಿಂಜರಿದಿದ್ದ ಅವರು, ದೊಡ್ಡ ಬೈಕುಗಳು ಕೈಕೊಟ್ಟ ಮೇಲೆ ಬೇರೆ ದಾರಿ ಕಾಣದೆ ಅದನ್ನೇ ಮಾರಿದರು. ಪಾಸ್ಕೇಲ್ ಇದನ್ನು 1984ರಲ್ಲಿ ‘ಕ್ಯಾಲಿಫೋರ್ನಿಯಾ ಮ್ಯಾನೇಜ್‌ಮೆಂಟ್ ರಿವ್ಯೂ’ದಲ್ಲಿ ಬರೆದರು. ಹಾರ್ವರ್ಡ್‌ನಲ್ಲಿ ಹೋಂಡಾ ಕುರಿತ ಕೇಸ್ ಎ ಮತ್ತು ಬಿ ಎಂದು ಎರಡು ಭಾಗವಾಯಿತು. ಒಂದರಲ್ಲಿ ಸಲಹೆಗಾರರ ಹೋಂಡಾ, ಇನ್ನೊಂದರಲ್ಲಿ ಅಧಿಕಾರಿಗಳ ನೆನಪಿನ ಹೋಂಡಾ.

ಎರಡೂ ಕಥೆಗಳಲ್ಲಿ ಮಾರಾಟವಾದ ಬೈಕುಗಳು ಅವೇ, ಬ್ರಿಟನ್ನಿನ ಪಾಲು ಕುಸಿದ ಲೆಕ್ಕವೂ ಅದೇ. ಬೇರೆಯಾದದ್ದು ಹೋಂಡಾದವರ ಮನಸ್ಸಿನಲ್ಲಿ ಆಗ ಏನಿತ್ತು ಎಂಬ ಮಾತು. ಮೊದಲ ಕಥೆಯಲ್ಲಿ ಆ ಮಾತು ಫಲಿತಾಂಶ ನೋಡಿ ಹಿಂದಕ್ಕೆ ಮಾಡಿದ ಊಹೆ. ಆದರೆ ಅದು ಅಂಕಿ ಅಂಶಗಳ ಪಕ್ಕದಲ್ಲಿ, ಅವುಗಳ ದನಿಯಲ್ಲೇ ಕುಳಿತಿದ್ದರಿಂದ ಓದಿದವರು ಅದನ್ನೂ ನಡೆದ ಸಂಗತಿ ಎಂದೇ ತೆಗೆದುಕೊಂಡರು. ವರದಿ ಬರೆದವರಲ್ಲಿ ಒಬ್ಬರಾದ ಮೈಕೆಲ್ ಗೂಲ್ಡ್ 1996ರಲ್ಲಿ ಉತ್ತರ ಕೊಡುತ್ತಾ, ಬ್ರಿಟಿಷ್ ಉದ್ಯಮ ಮುಂದೇನು ಮಾಡಬೇಕು ಎಂಬುದಷ್ಟೇ ತಮ್ಮ ವರದಿಯ ಪ್ರಶ್ನೆಯಾಗಿತ್ತು, ಹೋಂಡಾ ಹೇಗೆ ಬೆಳೆಯಿತೆಂಬ ಇತಿಹಾಸ ಬರೆಯುವುದಲ್ಲ ಎಂಬರ್ಥದ ವಾದ ಮುಂದಿಟ್ಟರು. ಅದು ನ್ಯಾಯವಾದ ಮಾತೇ. ಆದರೆ ಒಂದು ಉದ್ದೇಶಕ್ಕೆ ಮಾಡಿದ ವಿಶ್ಲೇಷಣೆ ಇನ್ನೊಂದು ಕಡೆ ಇತಿಹಾಸದ ವೇಷದಲ್ಲಿ ಕಾಣಿಸಿಕೊಂಡಿತ್ತು.

ಎರಡನೆಯ ಕಥೆಯನ್ನೂ ಕಣ್ಣುಮುಚ್ಚಿ ನಂಬಬೇಕಿಲ್ಲ. ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ಮೇಲೆ ಗೆದ್ದವರು ನೆನೆಸಿಕೊಂಡ ಕಥೆ ಅದು. ಅಲ್ಲಿ ಗಟ್ಟಿಯಾದ ಸಂಗತಿ ಎಂದರೆ ‘1982ರಲ್ಲಿ ಈ ಆರು ಮಂದಿ ಹೀಗೆ ಹೇಳಿದರು’ ಎಂಬುದು. ಕೇಸ್ ತಿದ್ದುವ ಸಂಪಾದಕರ ಕೆಲಸವೆಲ್ಲ ಈ ಮೂರನ್ನು ಬೇರ್ಪಡಿಸುವುದರಲ್ಲಿದೆ: ದಾಖಲೆಯಲ್ಲಿರುವುದು, ಒಬ್ಬರು ಹೇಳಿದ್ದು, ಬರೆದವರಿಗೆ ಅನಿಸಿದ್ದು.

ಕೇಸ್ ಯಾರಿಗಾಗಿ

ಮ್ಯಾನೇಜ್‌ಮೆಂಟ್ ತರಗತಿಯ ಕೇಸ್ ಎಂದರೆ ಒಂದು ಕಂಪನಿಯಲ್ಲಿ ಒಬ್ಬರು ಒಂದು ನಿರ್ಧಾರದ ಮುಂದೆ ನಿಂತ ಹೊತ್ತಿನ ವೃತ್ತಾಂತ. ಹಾರ್ವರ್ಡ್ ಬಿಸಿನೆಸ್ ಸ್ಕೂಲ್‌ನಲ್ಲಿ 1919ರಿಂದ ಡೀನ್ ಆಗಿದ್ದ ವ್ಯಾಲೇಸ್ ಡೋನಮ್ ಕಾನೂನು ಓದಿದವರು. ನ್ಯಾಯಾಲಯದ ಪ್ರಕರಣಗಳನ್ನು ಇಟ್ಟುಕೊಂಡು ವಾದಿಸುತ್ತಾ ಕಲಿಯುವ ಪದ್ಧತಿಯನ್ನು ವ್ಯಾಪಾರದ ಪಾಠಕ್ಕೂ ತಂದರು. ಅಲ್ಲಿನ ಮೊದಲ ಕೇಸ್ 1921ರದ್ದು, ಒಂದು ಪಾದರಕ್ಷೆ ಕಂಪನಿಯ ಕುರಿತದ್ದು. ಹಾರ್ವರ್ಡ್ ನೆರವಿನೊಂದಿಗೆ 1961ರಲ್ಲಿ ಆರಂಭವಾದ ಅಹಮದಾಬಾದ್ ಐಐಎಂ ಮೂಲಕ ಈ ಪದ್ಧತಿ ನಮ್ಮ ದೇಶದಲ್ಲಿ ಬೇರು ಬಿಟ್ಟಿತು. 1973ರಲ್ಲಿ ಹುಟ್ಟಿದ ಬೆಂಗಳೂರು ಐಐಎಂನಲ್ಲೂ ಪ್ರಾಧ್ಯಾಪಕರು ಕೇಸ್ ಬರೆಯುತ್ತಾರೆ, ಬರೆಸುತ್ತಾರೆ.

ತರಗತಿಗೆ ಬರುವ ಮೊದಲು ವಿದ್ಯಾರ್ಥಿ ಹತ್ತು ಹದಿನೈದು ಪುಟದ ಕೇಸ್ ಓದಿ, ತಾನೇ ಆ ಕುರ್ಚಿಯಲ್ಲಿ ಕುಳಿತಿದ್ದರೆ ಏನು ಮಾಡುತ್ತಿದ್ದೆ ಎಂದು ತೀರ್ಮಾನಿಸಿಕೊಂಡಿರಬೇಕು. ಕಾರಣ ಹುಡುಕುವುದು, ಯಾವ ಮಾಹಿತಿಗೆ ತೂಕವಿದೆ ಎಂದು ಅಳೆಯುವುದು ವಿದ್ಯಾರ್ಥಿಯ ಪಾಲಿನ ಕೆಲಸ. ಬರೆದವರೇ ಅದನ್ನು ಮಾಡಿ ಮುಗಿಸಿದ್ದರೆ ತರಗತಿಯಲ್ಲಿ ಚರ್ಚಿಸಲು ಉಳಿಯುವುದೇನು? ಅದಕ್ಕೇ ಈ ಬರವಣಿಗೆ ಎರಡು ಕಡತಗಳಲ್ಲಿರುತ್ತದೆ. ಒಂದು ಕೇಸ್, ವಿದ್ಯಾರ್ಥಿಗೆ. ಇನ್ನೊಂದು ಟೀಚಿಂಗ್ ನೋಟ್, ಪಾಠ ಮಾಡುವವರಿಗೆ ಮಾತ್ರ. ಕೇಳಬೇಕಾದ ಪ್ರಶ್ನೆಗಳು, ಬರೆದವರ ವಿಶ್ಲೇಷಣೆ, ಮುಂದೆ ನಿಜವಾಗಿ ಏನಾಯಿತು ಎಂಬುದೆಲ್ಲ ಎರಡನೆಯದರಲ್ಲಿ.

ಹೇಳುವಾಗ ಇದು ಸುಲಭ. ಆದರೆ ಬರೆದವರು ತಿಂಗಳುಗಟ್ಟಲೆ ಆ ಕಂಪನಿಯಲ್ಲಿ ಓಡಾಡಿರುತ್ತಾರೆ, ಅವರಿಗೊಂದು ಅಭಿಪ್ರಾಯ ಹುಟ್ಟಿಯೇ ಇರುತ್ತದೆ. ‘ನನ್ನ ಪ್ರಕಾರ’ ಎಂದು ಹೇಳಿಕೊಂಡು ಅದು ಕೇಸ್‌ನೊಳಗೆ ಬರುವುದಿಲ್ಲ. ಬಂದರೆ ಒಂದು ಗೆರೆ ಎಳೆದು ತೆಗೆದುಬಿಡಬಹುದು. ಅದು ಬರುವುದು ವಿಶೇಷಣವಾಗಿ, ಕ್ರಿಯಾಪದವಾಗಿ, ಎರಡು ವಾಕ್ಯಗಳನ್ನು ಜೋಡಿಸುವ ಒಂದು ‘ಹೀಗಾಗಿ’ ಆಗಿ.

ಒಂದು ಪ್ಯಾರಾ ತಿದ್ದಿ ನೋಡೋಣ

ಈ ಲೇಖನಕ್ಕೆಂದೇ ಕಟ್ಟಿದ ಒಂದು ಉದಾಹರಣೆ ಇಲ್ಲಿದೆ. ಹಾವೇರಿ ಕಡೆಯ ಒಂದು ಕುಟುಂಬ ನಡೆಸುವ ಖಾರದ ಪುಡಿ ಕಾರ್ಖಾನೆ. ಸ್ಥಾಪಿಸಿದವರು ತಂದೆ, ಮೂರು ವರ್ಷದಿಂದ ದಿನನಿತ್ಯದ ಆಡಳಿತ ಮಗಳದು. ಸಂಪಾದಕರ ಮೇಜಿಗೆ ಬಂದ ಕರಡಿನ ಒಂದು ಪ್ಯಾರಾ ಹೀಗಿದೆ:

> ‘ಆ ವರ್ಷದ ಮಧ್ಯದಲ್ಲಿ ಕಂಪನಿ ಗಂಭೀರ ಬಿಕ್ಕಟ್ಟಿಗೆ ಸಿಲುಕಿತು. ಹಳೆಯ ಮನೋಭಾವದ ಸಂಸ್ಥಾಪಕರು ಎಲ್ಲದರಲ್ಲೂ ಕೈಹಾಕುತ್ತಿದ್ದುದರಿಂದ ಬೇಸತ್ತ ಸೇಲ್ಸ್ ಮ್ಯಾನೇಜರ್ ಕೆಲಸ ಬಿಟ್ಟರು. ಪರಿಣಾಮವಾಗಿ ಮಾರಾಟ ಕುಸಿಯಿತು. ಗ್ರಾಹಕರು ಸಣ್ಣ ಪೌಚ್‌ಗಳ ಕಡೆ ಹೊರಳುತ್ತಿರುವುದನ್ನು ಮಗಳು ಅರಿತಿದ್ದರು; ಆದರೆ ತಂದೆಗೆ ಅದು ಅರ್ಥವಾಗಲಿಲ್ಲ. ಹೊಸ ಪೌಚ್ ಯಂತ್ರ ಕೊಳ್ಳುವ ದಿಟ್ಟ ಹೆಜ್ಜೆ ಇಡುವುದೋ ಬೇಡವೋ ಎಂದು ಆಕೆ ನಿರ್ಧರಿಸಬೇಕಿತ್ತು.’

ಓದಲು ಸರಾಗವಾಗಿದೆ. ಸಂಪಾದಕರು ಪೆನ್ಸಿಲ್ ಹಿಡಿದು ಒಂದೊಂದೇ ವಾಕ್ಯಕ್ಕೆ ಗುರುತು ಹಾಕುತ್ತಾರೆ. ದಾಖಲೆ ತೋರಿಸಬಹುದಾದ ಮಾತಿಗೆ ಅಡಿಗೆರೆ. ಯಾರೋ ಸಂದರ್ಶನದಲ್ಲಿ ಹೇಳಿದ ಮಾತಿಗೆ ಅಲೆಯ ಗೆರೆ. ಎರಡೂ ಅಲ್ಲದ್ದಕ್ಕೆ ಸುತ್ತು. ಗುರುತು ಹಾಕಿ ಮುಗಿದಾಗ ಈ ಪ್ಯಾರಾದಲ್ಲಿ ಅಡಿಗೆರೆ ಬಿದ್ದದ್ದು ಎರಡೇ ಸಂಗತಿಗಳಿಗೆ: ಮ್ಯಾನೇಜರ್ ಕೆಲಸ ಬಿಟ್ಟರು, ಮಾರಾಟ ಕಡಿಮೆಯಾಯಿತು. ‘ಗಂಭೀರ’, ‘ಬಿಕ್ಕಟ್ಟು’, ‘ಹಳೆಯ ಮನೋಭಾವ’, ‘ಪರಿಣಾಮವಾಗಿ’, ‘ಅರಿತಿದ್ದರು’, ‘ಅರ್ಥವಾಗಲಿಲ್ಲ’, ‘ದಿಟ್ಟ ಹೆಜ್ಜೆ’ ಇವೆಲ್ಲ ಸುತ್ತಿನೊಳಗೆ.

ಸುತ್ತು ಬಿದ್ದದ್ದೆಲ್ಲ ಸುಳ್ಳೆಂದಲ್ಲ. ಅದಕ್ಕೆ ಇನ್ನೂ ಮನೆ ಗೊತ್ತಾಗಿಲ್ಲ ಎಂದರ್ಥ. ಪ್ರತಿಯೊಂದು ಸುತ್ತಿಗೂ ಸಂಪಾದಕರು ಅಂಚಿನಲ್ಲಿ ಒಂದು ಪ್ರಶ್ನೆ ಬರೆಯುತ್ತಾರೆ: ಇದು ನಿಮಗೆ ಹೇಗೆ ಗೊತ್ತು? ಕಾಗದ ಇದ್ದರೆ ಆ ಕಾಗದದ ಭಾಷೆಗೆ ಇಳಿಸಬೇಕು. ಯಾರೋ ಹೇಳಿದ್ದರೆ ಹೇಳಿದವರ ಹೆಸರಿಗೆ ಹಚ್ಚಬೇಕು. ಬರೆದವರಿಗೇ ಅನಿಸಿದ್ದರೆ ಟೀಚಿಂಗ್ ನೋಟ್‌ಗೆ ಕಳಿಸಬೇಕು. ಯಾವುದೂ ಅಲ್ಲದಿದ್ದರೆ ತೆಗೆಯಬೇಕು.

‘ಹಳೆಯ ಮನೋಭಾವ’ ಎಂಬುದಕ್ಕೆ ಬರೆದವರ ಟಿಪ್ಪಣಿಯಲ್ಲಿ ಸಿಕ್ಕ ಆಧಾರ ಇಷ್ಟು: ಸಂಸ್ಥಾಪಕರು ಪ್ರತಿದಿನ ಬೆಳಿಗ್ಗೆ ಬಾಕಿ ವಸೂಲಿಯ ಪುಸ್ತಕ ತರಿಸಿ ನೋಡುತ್ತಿದ್ದರು, ಎರಡು ಬಾರಿ ಸೇಲ್ಸ್ ಮ್ಯಾನೇಜರ್ ಒಪ್ಪಿದ್ದ ರಿಯಾಯಿತಿಯನ್ನು ರದ್ದು ಮಾಡಿದರು. ಈ ಎರಡು ಸಂಗತಿಗಳು ಕೇಸ್‌ನೊಳಗೆ ಬಂದರೆ ಸಾಕು. ಒಬ್ಬ ವಿದ್ಯಾರ್ಥಿಗೆ ಅದು ಕೈಹಾಕುವ ಚಾಳಿಯಾಗಿ ಕಂಡೀತು, ಇನ್ನೊಬ್ಬನಿಗೆ ಬಾಕಿ ಬೆಳೆಯದಂತೆ ನೋಡಿಕೊಳ್ಳುವ ಜಾಗ್ರತೆಯಾಗಿ ಕಂಡೀತು. ವಿಶೇಷಣ ಎರಡನೆಯವನ ಬಾಯಿ ಮುಚ್ಚಿಸುತ್ತಿತ್ತು.

‘ಅರಿತಿದ್ದರು’ ಎಂಬ ಕ್ರಿಯಾಪದದ ಕಸುಬು ಇನ್ನೂ ನಯವಾದದ್ದು. ಒಬ್ಬರು ಒಂದನ್ನು ಅರಿತರು, ಕಂಡುಕೊಂಡರು, ಮನಗಂಡರು ಎಂದು ಬರೆದ ಕೂಡಲೇ ಆ ವಿಷಯ ನಿಜವೆಂದು ಬರೆದವರೂ ಸಹಿ ಹಾಕಿದಂತೆ. ಗ್ರಾಹಕರು ಸಣ್ಣ ಪೌಚ್ ಕಡೆ ಹೊರಳುತ್ತಿದ್ದರೇ ಇಲ್ಲವೇ ಎಂಬುದೇ ಈ ಕೇಸ್‌ನ ಮುಖ್ಯ ಪ್ರಶ್ನೆ. ಅದನ್ನು ಒಂದು ಕ್ರಿಯಾಪದ ಸದ್ದಿಲ್ಲದೆ ತೀರ್ಮಾನ ಮಾಡಿಬಿಟ್ಟಿದೆ. ‘ಭಾವಿಸಿದ್ದರು’, ‘ಹೇಳಿದರು’, ‘ಅವರ ಅಂದಾಜು’ ಎಂದರೆ ಅಭಿಪ್ರಾಯ ಮಗಳದಾಗಿಯೇ ಉಳಿಯುತ್ತದೆ. ಅದಕ್ಕೆ ಅವರು ಕೊಟ್ಟ ಆಧಾರವನ್ನೂ ಪಕ್ಕದಲ್ಲಿಡಬೇಕು. ಅವರು ಮಾತಾಡಿಸಿದ ಹನ್ನೊಂದು ಸಗಟು ವ್ಯಾಪಾರಿಗಳಲ್ಲಿ ಏಳು ಮಂದಿ ಹತ್ತು ರೂಪಾಯಿಯ ಪೌಚ್ ಬೇಕೆಂದಿದ್ದರು. ಹನ್ನೊಂದು ಮಂದಿಯ ಮಾತಿನ ಮೇಲೆ ಯಂತ್ರ ಕೊಳ್ಳಬಹುದೇ ಎಂದು ವಿದ್ಯಾರ್ಥಿ ತಲೆ ಕೆಡಿಸಿಕೊಳ್ಳಲಿ.

‘ಪರಿಣಾಮವಾಗಿ’ ಬಿಚ್ಚಿದಾಗ

ಆ ಪ್ಯಾರಾದ ಅತಿ ಭಾರದ ಮಾತು ‘ಪರಿಣಾಮವಾಗಿ’. ಮ್ಯಾನೇಜರ್ ಬಿಟ್ಟದ್ದರಿಂದಲೇ ಮಾರಾಟ ಬಿತ್ತು ಎಂದು ಅದು ಹೇಳುತ್ತಿದೆ. ಇಂಥ ಜೋಡುಪದ ಕಂಡಲ್ಲೆಲ್ಲ ಸಂಪಾದಕರು ಕೇಳುವ ಮೊದಲ ಪ್ರಶ್ನೆ ಕಾರಣದ್ದಲ್ಲ, ತಾರೀಕಿನದು. ಯಾವುದು ಯಾವಾಗ ಆಯಿತು?

ಬರೆದವರು ಕಡತ ತೆರೆದು ತಿಂಗಳ ಮಾರಾಟ ತೆಗೆದರು. ಏಪ್ರಿಲ್‌ನಲ್ಲಿ 42 ಟನ್, ಮೇಯಲ್ಲಿ 41, ಜೂನ್‌ನಲ್ಲಿ 36, ಜುಲೈಯಲ್ಲಿ 33, ಆಗಸ್ಟ್‌ನಲ್ಲಿ 31, ಸೆಪ್ಟೆಂಬರ್‌ನಲ್ಲಿ 30. ಮ್ಯಾನೇಜರ್ ರಾಜೀನಾಮೆ ಪತ್ರದ ಮೇಲಿದ್ದ ತಾರೀಕು ಆಗಸ್ಟ್ 9. ಅಂದರೆ ಒಟ್ಟು 12 ಟನ್ ಇಳಿಕೆಯಲ್ಲಿ 9 ಟನ್ ಅವರು ಪತ್ರ ಬರೆಯುವ ಮೊದಲೇ ಇಳಿದಾಗಿತ್ತು. ಹಾಗಿದ್ದರೆ ಮಾರಾಟ ಇಳಿದದ್ದರಿಂದ ಅವರು ಬಿಟ್ಟರೇ? ಅದನ್ನೂ ಹೇಳಲಾಗದು. ಕರಡಿನ ವಾಕ್ಯವಂತೂ ನಿಲ್ಲಲಿಲ್ಲ.

ಹಾಗಾದರೆ ಮೇ ಮತ್ತು ಜೂನ್ ನಡುವೆ ಏನು ನಡೆಯಿತು? ಕರಡಿನ ಬೇರೊಂದು ಪುಟದಲ್ಲಿ, ಕಚ್ಚಾ ಮೆಣಸಿನಕಾಯಿ ದುಬಾರಿಯಾದ ವಿಷಯ ಹೇಳುವಾಗ, ಒಂದು ವಾಕ್ಯವಿತ್ತು: ‘ಮೇ 20ರಿಂದ 100 ಗ್ರಾಂ ಪ್ಯಾಕೆಟ್ ಬೆಲೆಯನ್ನು 38 ರೂಪಾಯಿಯಿಂದ 42ಕ್ಕೆ ಏರಿಸಲಾಯಿತು.’ ಸಂಪಾದಕರು ಅದರ ಪಕ್ಕದಲ್ಲಿ ‘ಏರಿಸಿದವರು ಯಾರು?’ ಎಂದು ಬರೆದರು. ‘ಮಾಡಲಾಯಿತು’, ‘ನಿರ್ಧರಿಸಲಾಯಿತು’ ಎಂಬ ವಾಕ್ಯಗಳಲ್ಲಿ ಕೆಲಸ ಕಾಣುತ್ತದೆ, ಮಾಡಿದವರು ಕಾಣುವುದಿಲ್ಲ. ದರಪಟ್ಟಿಯ ಸುತ್ತೋಲೆಗೆ ಸಹಿ ಹಾಕಿದ್ದವರು ಮಗಳು.

ಬರೆದವರು ಬೇಕೆಂದು ಮುಚ್ಚಿಟ್ಟಿರಲಿಲ್ಲ. ಹೆಚ್ಚು ಹೊತ್ತು ಮಾತಿಗೆ ಸಿಕ್ಕಿದವರು ಮಗಳು. ಕಥೆ ಅವರ ಕಣ್ಣಿನಿಂದಲೇ ಕಟ್ಟಿಕೊಂಡಿತ್ತು. ಆ ಒಲವಿನಿಂದಾಗಿ ತಂದೆಯ ಕೆಲಸಗಳಿಗೆಲ್ಲ ಕರ್ತೃ ಸಿಕ್ಕಿದ್ದ, ಮಗಳ ಒಂದು ಕೆಲಸಕ್ಕೆ ಮಾತ್ರ ಸಿಕ್ಕಿರಲಿಲ್ಲ. ಬೆಲೆ ಏರಿದ ವಾಕ್ಯ ಮಾರಾಟ ಬಿದ್ದ ಪ್ಯಾರಾದಿಂದ ನಾಲ್ಕು ಪುಟ ದೂರ ಕುಳಿತಿತ್ತು. ವಿಶ್ಲೇಷಣೆ ಪದಗಳಲ್ಲಿ ಮಾತ್ರ ಇರುವುದಿಲ್ಲ, ಸಂಗತಿಗಳನ್ನು ಜೋಡಿಸುವ ಕ್ರಮದಲ್ಲೂ ಇರುತ್ತದೆ. ಆದ್ದರಿಂದ ಸಂಪಾದಕರು ಕೇಸ್‌ನ ಎಲ್ಲ ಘಟನೆಗಳನ್ನು ತಾರೀಕಿನ ಪ್ರಕಾರ ಒಂದು ಹಾಳೆಯಲ್ಲಿ ಬರೆದುಕೊಳ್ಳುತ್ತಾರೆ. ಕಥೆ ಆ ಕ್ರಮ ಬಿಟ್ಟು ಹೋದಲ್ಲೆಲ್ಲ ಯಾಕೆ ಬಿಟ್ಟಿತು ಎಂದು ಕೇಳಿಕೊಳ್ಳುತ್ತಾರೆ.

ಇಲ್ಲಿಗೆ ಬೆಲೆಯೇ ಕಾರಣ ಎಂದು ಬರೆದುಬಿಡುವ ಆಸೆಯಾಗುತ್ತದೆ. ಹಾಗೆ ಮಾಡಿದರೆ ಒಂದು ‘ಪರಿಣಾಮವಾಗಿ’ ತೆಗೆದು ಇನ್ನೊಂದನ್ನು ಕೂರಿಸಿದಂತಾಯಿತು. ಬೇಸಿಗೆಯಲ್ಲಿ ಮನೆಮನೆಯಲ್ಲೂ ಉಪ್ಪಿನಕಾಯಿ ಹಾಕುವಾಗ ಖಾರದ ಪುಡಿ ಹೆಚ್ಚು ಖರ್ಚಾಗುತ್ತದೆ. ಮಳೆ ಶುರುವಾದ ಮೇಲೆ ಮಾರಾಟ ತಗ್ಗುವುದು ಸಹಜವೇ ಇರಬಹುದು. ಹಾಗಾಗಿ ಸಂಪಾದಕರು ಹಿಂದಿನ ವರ್ಷದ ಅದೇ ಆರು ತಿಂಗಳ ಲೆಕ್ಕ ತರಿಸಿದರು. ಅದರಲ್ಲಿ ಏಪ್ರಿಲ್ ಮತ್ತು ಮೇ ತಲಾ 40 ಟನ್, ಜೂನ್ 38, ಜುಲೈ 37, ಆಗಸ್ಟ್ ಮತ್ತು ಸೆಪ್ಟೆಂಬರ್ ತಲಾ 36. ಮಳೆಗಾಲದ ಇಳಿಕೆ ಇದೆ, ಆದರೆ ಈ ವರ್ಷದಷ್ಟಿಲ್ಲ. ಎರಡೂ ವರ್ಷದ ಸಾಲುಗಳು ಕೇಸ್‌ನ ಕೊನೆಯ ಪಟ್ಟಿಗೆ ಹೋದವು.

ಪಟ್ಟಿಯಲ್ಲಿ ಎಷ್ಟು ಲೆಕ್ಕ ಮಾಡಿಕೊಡಬೇಕು

ಪಟ್ಟಿ ಎಂದರೆ ಬರೀ ಅಂಕಿ, ಅಲ್ಲಿ ಅಭಿಪ್ರಾಯ ಹೇಗೆ ನುಸುಳೀತು ಎನಿಸಬಹುದು. ಬರೆದವರು ಮೊದಲು ಕೊಟ್ಟ ಪಟ್ಟಿಗೆ ‘ಮ್ಯಾನೇಜರ್ ನಿರ್ಗಮನ ಮತ್ತು ಮಾರಾಟ ಕುಸಿತ’ ಎಂಬ ತಲೆಬರಹವಿತ್ತು. ಅದರಲ್ಲಿದ್ದದ್ದು ಜುಲೈಯಿಂದ ಸೆಪ್ಟೆಂಬರ್‌ವರೆಗಿನ ಮೂರೇ ತಿಂಗಳು. ತಲೆಬರಹ ಒಂದು ವಾದ ಹೂಡುತ್ತಿತ್ತು, ಆಯ್ದ ತಿಂಗಳುಗಳು ಅದಕ್ಕೆ ಸಾಕ್ಷಿ ನುಡಿಯುತ್ತಿದ್ದವು. ‘ತಿಂಗಳವಾರು ಮಾರಾಟ, ಎರಡು ವರ್ಷ, ಟನ್‌ಗಳಲ್ಲಿ’ ಎಂದು ತಲೆಬರಹ ಬದಲಾಯಿತು, ತಿಂಗಳು ಆರಾದವು.

ಇನ್ನೊಂದು ತಕರಾರು ಶೇಕಡಾವಾರಿನದು. ಏಪ್ರಿಲ್‌ನಿಂದ ಸೆಪ್ಟೆಂಬರ್‌ಗೆ ಹಿಂದಿನ ವರ್ಷ ಶೇ. 10 ಇಳಿದ ಮಾರಾಟ ಈ ವರ್ಷ ಸುಮಾರು ಶೇ. 29 ಇಳಿದಿದೆ. ಈ ಲೆಕ್ಕ ತಪ್ಪಲ್ಲ, ಆದರೆ ಯಾವ ತಿಂಗಳನ್ನು ಯಾವುದರ ಜೊತೆ ಹೋಲಿಸಬೇಕೆಂದು ಆರಿಸಿಕೊಳ್ಳುವುದೇ ವಿಶ್ಲೇಷಣೆ. ಜುಲೈವರೆಗೆ ನಿಲ್ಲಿಸಿ ನೋಡಿದರೆ ಒಂದು ಚಿತ್ರ, ಸೆಪ್ಟೆಂಬರ್‌ವರೆಗೆ ಹೋದರೆ ಇನ್ನೊಂದು. ಅದನ್ನು ವಿದ್ಯಾರ್ಥಿಯೇ ಮಾಡಲಿ ಎಂದು ಸಂಪಾದಕರು ಶೇಕಡಾ ಸಾಲನ್ನು ಟೀಚಿಂಗ್ ನೋಟ್‌ಗೆ ಸಾಗಿಸಿದರು. ಕಂಪನಿ ತಾನೇ ತನ್ನ ವರದಿಯಲ್ಲಿ ಶೇಕಡಾವಾರು ಬರೆದಿದ್ದರೆ ಮಾತು ಬೇರೆ. ಆಗ ಅದು ದಾಖಲೆ, ‘ಕಂಪನಿಯ ಲೆಕ್ಕ’ ಎಂಬ ಹೆಸರಿನಲ್ಲಿ ಉಳಿಯಬಹುದು.

ಆಗ ಗೊತ್ತಿದ್ದದ್ದು, ಈಗ ಗೊತ್ತಿರುವುದು

ಕೇಸ್‌ನಲ್ಲಿ ಒಂದು ದಿನಾಂಕದ ಗೆರೆ ಇರುತ್ತದೆ. ನಮ್ಮ ಉದಾಹರಣೆಯಲ್ಲಿ ಅದು ಅಕ್ಟೋಬರ್ ಮೊದಲ ವಾರ: 28 ಲಕ್ಷ ರೂಪಾಯಿಯ ಪೌಚ್ ಯಂತ್ರಕ್ಕೆ ಮುಂಗಡ ಕೊಡಬೇಕೋ ಬೇಡವೋ ಎಂದು ಮಗಳು ಹೇಳಬೇಕಿದ್ದ ವಾರ. ಕೇಸ್ ಬರೆಯುವ ಹೊತ್ತಿಗೆ ಅದಾಗಿ ಎರಡು ವರ್ಷ ಕಳೆದಿರುತ್ತದೆ, ಮುಂದೇನಾಯಿತೆಂದು ಬರೆಯುವವರಿಗೆ ಗೊತ್ತಿರುತ್ತದೆ. ಆ ತಿಳಿವು ಹಿಂದಕ್ಕೆ ಸೋರುತ್ತದೆ. ‘ಮುಂದೆ ದುಬಾರಿಯಾಗಲಿದ್ದ ಈ ನಿರ್ಧಾರ’ ಎಂಬುದು ಸ್ಪಷ್ಟವಾದ ಸೋರಿಕೆ. ‘ಇನ್ನೂ’, ‘ಕೊನೆಗೂ’, ‘ದುರದೃಷ್ಟವಶಾತ್’ ಇವು ಅಷ್ಟು ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ. ‘ತಂದೆ ಇನ್ನೂ ಒಪ್ಪಿರಲಿಲ್ಲ’ ಎಂದರೆ ಒಪ್ಪುವುದೇ ಸರಿ, ಇವತ್ತಲ್ಲ ನಾಳೆ ಒಪ್ಪಬೇಕು ಎಂಬ ಸೂಚನೆ ಅದರಲ್ಲಿದೆ.

ಈ ಗೆರೆ ಕಾಯಲು ಒಂದು ರೂಢಿ ನೆರವಾಗುತ್ತದೆ. ಕೇಸ್ ಪೂರ್ತಿ ಭೂತಕಾಲದಲ್ಲಿರಬೇಕು. ‘ಕಂಪನಿಯಲ್ಲಿ 60 ಮಂದಿ ಕೆಲಸ ಮಾಡುತ್ತಾರೆ’ ಎಂದರೆ ಯಾವಾಗ ಎಂಬ ಪ್ರಶ್ನೆ ಏಳುತ್ತದೆ. ‘ಆ ಅಕ್ಟೋಬರ್‌ನಲ್ಲಿ 60 ಮಂದಿ ಕೆಲಸ ಮಾಡುತ್ತಿದ್ದರು’ ಎಂದರೆ ಆ ಸಂಗತಿ ಗೆರೆಯ ಈಚೆಗಿದೆ ಎಂದು ಖಾತ್ರಿ. ಗೆರೆಯ ಆಚೆಯದೆಲ್ಲ ಟೀಚಿಂಗ್ ನೋಟ್‌ಗೆ ಹೋಗುತ್ತದೆ, ಇಲ್ಲವೇ ಹೋಂಡಾದ್ದರಂತೆ ಬಿ ಎಂಬ ಎರಡನೆಯ ಕೇಸ್ ಆಗುತ್ತದೆ. ವಿದ್ಯಾರ್ಥಿಗಳು ಎ ಮೇಲೆ ವಾದ ಮಾಡಿ ಮುಗಿಸಿದ ಬಳಿಕ ಬಿ ಹಂಚುತ್ತಾರೆ.

ಸಂದರ್ಶನದ ಮಾತುಗಳಿಗೂ ಇದೇ ಎಚ್ಚರ ಬೇಕು. ಮ್ಯಾನೇಜರ್ ಯಾಕೆ ಬಿಟ್ಟರೆಂದು ಮಗಳು ಹೇಳಿದ್ದು ಎರಡು ವರ್ಷದ ಮೇಲೆ: “ಅಪ್ಪಾರು ಕೊಟ್ಟ ರಿಯಾಯ್ತಿ ವಾಪಸ್ ತಗೊಂಡ್ರು, ಅವರಿಗೆ ಮಂದಿ ಮುಂದ ಮುಖ ಇಲ್ಲದಂಗಾತು.” ತಂದೆ ಹೇಳಿದ್ದು: “ಬಾಕಿ ಎಷ್ಟೈತಿ ಅಂತ ಕೇಳಿದೆ, ಅಷ್ಟ. ಕೇಳೂದೂ ತಪ್ಪೇನು?” ರಾಜೀನಾಮೆ ಪತ್ರದಲ್ಲಿದ್ದದ್ದು ಮನೆಯ ಕಾರಣ. ಮೂರೂ ಬೇರೆ ಬೇರೆ. ಯಾವುದು ನಿಜ ಎಂದು ಸಂಪಾದಕರು ತೀರ್ಪು ಕೊಡಬೇಕಿಲ್ಲ. ಮೂರನ್ನೂ, ಯಾರದು ಯಾವಾಗಿನದು ಎಂಬುದರ ಸಮೇತ ಇಟ್ಟರಾಯಿತು. ಕೇಳಿದ್ದು, ಬರೆದುಕೊಂಡದ್ದು ಇಲ್ಲದ ಸಂಭಾಷಣೆಯನ್ನು ಕಥೆಗೆ ಕಳೆ ಬರಲೆಂದು ಹುಟ್ಟಿಸಿದ್ದರೆ ಅದು ಮಾತ್ರ ಒಂದೇ ಏಟಿಗೆ ಹೊರಗೆ.

ಇಷ್ಟೆಲ್ಲ ಆದ ಮೇಲೆ ಪ್ಯಾರಾ ಹೀಗೆ ನಿಂತಿತು:

> ‘ಏಪ್ರಿಲ್‌ನಲ್ಲಿ 42 ಟನ್ ಇದ್ದ ಮಾರಾಟ ಸೆಪ್ಟೆಂಬರ್‌ನಲ್ಲಿ 30 ಟನ್ ಆಗಿತ್ತು (ಪಟ್ಟಿ 1). ಮೇ 20ರಿಂದ ಮಗಳು 100 ಗ್ರಾಂ ಪ್ಯಾಕೆಟ್ ಬೆಲೆಯನ್ನು 38 ರೂಪಾಯಿಯಿಂದ 42ಕ್ಕೆ ಏರಿಸಿದ್ದರು. ಜೂನ್ ಮತ್ತು ಜುಲೈಯಲ್ಲಿ ತಂದೆ, ಸೇಲ್ಸ್ ಮ್ಯಾನೇಜರ್ ಒಪ್ಪಿದ್ದ ರಿಯಾಯಿತಿಗಳನ್ನು ಎರಡು ಬಾರಿ ರದ್ದು ಮಾಡಿದರು. ಆಗಸ್ಟ್ 9ರಂದು ಮ್ಯಾನೇಜರ್ ಮನೆಯ ಕಾರಣ ಕೊಟ್ಟು ರಾಜೀನಾಮೆ ಬರೆದರು. ರಿಯಾಯಿತಿ ರದ್ದಾದದ್ದೇ ಕಾರಣ ಎಂದು ಮಗಳು ನಂಬಿದ್ದರು; ತಾವು ಬಾಕಿಯ ಲೆಕ್ಕ ಕೇಳಿದ್ದಷ್ಟೇ ಎಂದು ತಂದೆ ಹೇಳಿದರು. ಸಣ್ಣ ಪೌಚ್‌ಗೆ ಬೇಡಿಕೆ ಇದೆ ಎಂಬುದು ಮಗಳ ಅಭಿಪ್ರಾಯ. ಅವರು ಕೇಳಿದ ಹನ್ನೊಂದು ಸಗಟು ವ್ಯಾಪಾರಿಗಳಲ್ಲಿ ಏಳು ಮಂದಿ ಹಾಗೆಂದಿದ್ದರು. 28 ಲಕ್ಷ ರೂಪಾಯಿಯ ಯಂತ್ರದ ಮುಂಗಡಕ್ಕೆ ಅಕ್ಟೋಬರ್ ಮೊದಲ ವಾರ ಕೊನೆಯ ಗಡುವಾಗಿತ್ತು.’

ಮೊದಲಿನದಕ್ಕಿಂತ ಇದು ಉದ್ದವಾಯಿತು. ‘ಹಳೆಯ ಮನೋಭಾವ’ ಎಂಬ ಎರಡು ಪದಗಳ ಜಾಗದಲ್ಲಿ ಈಗ ಒಂದು ಇಡೀ ವಾಕ್ಯವಿದೆ. ತೀರ್ಪು ಯಾವಾಗಲೂ ಸಂಗತಿಗಿಂತ ಚಿಕ್ಕದು. ಪುಟ ಉಳಿಸಲು ಹೊರಟ ಬರಹಗಾರ ಅದರ ಮೊರೆ ಹೋಗುವುದೂ ಅದಕ್ಕೇ.

ಕಳಿಸಿದ ವಿಶ್ಲೇಷಣೆ ಎಲ್ಲಿ ಹೋಯಿತು

ತೆಗೆದದ್ದನ್ನು ಕಸದ ಬುಟ್ಟಿಗೆ ಹಾಕಿಲ್ಲ. ಟೀಚಿಂಗ್ ನೋಟ್‌ನಲ್ಲಿ ಬರೆದವರು ಈಗ ಬಾಯಿ ಬಿಟ್ಟು ಮಾತಾಡಬೇಕು: ‘ನನ್ನ ಓದಿನ ಪ್ರಕಾರ ಮಾರಾಟ ಇಳಿದದ್ದಕ್ಕೆ ಬೆಲೆ ಏರಿಕೆಯೇ ದೊಡ್ಡ ಕಾರಣ. ಮಳೆಗಾಲದ ಪಾಲು ಸ್ವಲ್ಪ. ಮ್ಯಾನೇಜರ್ ಹೋದದ್ದರ ಪಾಲು ಈ ಲೆಕ್ಕದಿಂದ ತಿಳಿಯದು. ಹಾಗಾಗಿ ಯಂತ್ರ ಕೊಳ್ಳುವ ಮೊದಲು ಕೇಳಬೇಕಾದ ಬೇರೆ ಪ್ರಶ್ನೆ ಇದೆ.’ ಅದರ ಜೊತೆಗೆ ಪ್ರತಿಯೊಂದು ವಾದವೂ ಕೇಸ್‌ನ ಯಾವ ಪ್ಯಾರಾ, ಯಾವ ಪಟ್ಟಿಯ ಮೇಲೆ ನಿಂತಿದೆ ಎಂದು ತೋರಿಸಬೇಕು.

ಈ ತೋರಿಸುವ ಕೆಲಸದಲ್ಲಿ ಸಂಪಾದಕರಿಗೆ ಇನ್ನೊಂದು ಬಗೆಯ ತಪ್ಪು ಸಿಗುತ್ತದೆ. ನೋಟ್‌ನ ವಾದಕ್ಕೆ ಆಧಾರವಾದ ಸಂಗತಿ ಕೇಸ್‌ನಲ್ಲೇ ಇಲ್ಲದಿರಬಹುದು. ಪ್ರತಿಸ್ಪರ್ಧಿಗಳು ಆಗ ಬೆಲೆ ಏರಿಸಿದರೇ ಎಂಬುದನ್ನು ಬರೆದವರು ಮನಸ್ಸಿನಲ್ಲಿಟ್ಟುಕೊಂಡೇ ವಾದಿಸಿದ್ದಾರೆ, ವಿದ್ಯಾರ್ಥಿಗೆ ಕೊಟ್ಟಿಲ್ಲ. ಹಾಗಾದರೆ ಆ ಸಂಗತಿ ಸಂಪಾದಿಸಿ ಕೇಸ್‌ಗೆ ಸೇರಿಸಬೇಕು, ಇಲ್ಲವೇ ವಾದ ಸಡಿಲಿಸಬೇಕು. ಎರಡೂ ಕಡತಗಳನ್ನು ಬೇರೆಯಾಗಿಟ್ಟು, ಪಕ್ಕಪಕ್ಕದಲ್ಲಿ ಇಟ್ಟುಕೊಂಡೇ ತಿದ್ದಬೇಕು.

ಸಂಶೋಧನೆಗೆಂದು ಬರೆಯುವ ಕೇಸ್ ಸ್ಟಡಿಯ ನಿಯಮ ಸ್ವಲ್ಪ ಬೇರೆ. ಅಲ್ಲಿ ಲೇಖಕರ ವಿಶ್ಲೇಷಣೆ ಅದೇ ಬರಹದಲ್ಲಿರಬೇಕು, ಅದಕ್ಕಾಗಿಯೇ ಓದುತ್ತಾರೆ. ಆದರೂ ಈ ವಿಧಾನದ ಬಗ್ಗೆ 1984ರಲ್ಲಿ ಮೊದಲು ಅಚ್ಚಾದ ತಮ್ಮ ಪುಸ್ತಕದಲ್ಲಿ ರಾಬರ್ಟ್ ಯಿನ್, ಸಾಕ್ಷ್ಯದ ಕಡತವನ್ನು ವರದಿಯಿಂದ ಬೇರೆಯಾಗಿಡಬೇಕು ಎನ್ನುತ್ತಾರೆ. ಇನ್ನೊಬ್ಬರು ಬಂದು ಸಾಕ್ಷ್ಯದಿಂದ ತೀರ್ಮಾನದವರೆಗಿನ ದಾರಿಯನ್ನು ತಾವೇ ನಡೆದು ನೋಡುವಂತಿರಬೇಕು ಎಂಬುದು ಅವರ ಮಾತಿನ ಸಾರ.

ಎಷ್ಟು ತೊಳೆದರೆ ಹೆಚ್ಚಾಯಿತು

ಪೂರ್ತಿ ಶುದ್ಧವಾದ ಕೇಸ್ ಇರಲಾರದು. ಕಾರ್ಖಾನೆಯಲ್ಲಿ ಆ ವರ್ಷ ನಡೆದ ಸಾವಿರ ಸಂಗತಿಗಳಲ್ಲಿ ನಲವತ್ತನ್ನು ಆರಿಸಿಕೊಳ್ಳುವುದೇ ಒಂದು ತೀರ್ಪು. ಸಂಪಾದಕರು ಅದನ್ನು ಇಲ್ಲವಾಗಿಸಲಾರರು. ಆಯ್ಕೆ ಒಂದೇ ಉತ್ತರದ ಕಡೆಗೆ ವಾಲದಂತೆ ನೋಡಿಕೊಳ್ಳಬಲ್ಲರು. ಯಂತ್ರ ಕೊಳ್ಳಬೇಕೆನ್ನುವವರಿಗೂ ಬೇಡವೆನ್ನುವವರಿಗೂ ಕೇಸ್‌ನೊಳಗೆ ಹಿಡಿಯಲು ಏನಾದರೂ ಸಿಗಬೇಕು.

ಅತಿಯಾಗಿ ತೊಳೆಯುವ ಅಪಾಯವೂ ಇದೆ. ಅಭಿಪ್ರಾಯವೆಂದು ಕಂಡದ್ದನ್ನೆಲ್ಲ ಕಿತ್ತರೆ ಮಗಳ ಆತಂಕ, ತಂದೆಯ ಸಂಶಯ ಎರಡೂ ಹೋಗಿ ತಾರೀಕು ಮತ್ತು ಟನ್ ಮಾತ್ರ ಉಳಿಯುತ್ತವೆ. ಆ ಜನರ ಅಭಿಪ್ರಾಯಗಳೂ ಸಂಗತಿಗಳೇ, ಅವುಗಳಿಂದಲೇ ಕಂಪನಿಯ ನಿರ್ಧಾರಗಳು ಹುಟ್ಟುತ್ತವೆ. ಹೊರಗೆ ಹೋಗಬೇಕಾದದ್ದು ಬರೆದವರ ಅಭಿಪ್ರಾಯ. ಕೇಸ್‌ನೊಳಗಿನ ಜನ ತಮಗೆ ಬೇಕಾದಷ್ಟು ಪಕ್ಷಪಾತಿಗಳಾಗಿರಲಿ.

ಅಚ್ಚಿಗೆ ಹೋಗುವ ಮೊದಲು ಕೇಸ್ ಕಂಪನಿಗೆ ಹೋಗುತ್ತದೆ, ಅವರ ಲಿಖಿತ ಒಪ್ಪಿಗೆ ಬೇಕು. ಮೊದಲ ಕರಡು ಹೋಗಿದ್ದರೆ ತಂದೆ ಸಹಿ ಹಾಕುತ್ತಿರಲಿಲ್ಲ. ತಿದ್ದಿದ ಕರಡಿನಲ್ಲಿ ಅವರ ಕೆಲಸವಿದೆ, ಅವರ ಮಾತಿದೆ, ಅವರ ಮೇಲೆ ಹಣೆಪಟ್ಟಿಯಿಲ್ಲ. ಒತ್ತಡ ಇನ್ನೊಂದು ಕಡೆಯಿಂದಲೂ ಬರುತ್ತದೆ. ‘ದೂರದೃಷ್ಟಿಯ ಸಂಸ್ಥಾಪಕರು’ ಎಂದು ಸೇರಿಸಿ ಎಂಬ ಕೋರಿಕೆ ಬರಬಹುದು. ಗುಟ್ಟಿನ ಅಂಕಿ ತೆಗೆಯಿರಿ ಎಂದರೆ ಸಂಪಾದಕರು ದಾರಿ ಹುಡುಕುತ್ತಾರೆ. ಎಲ್ಲ ಮೊತ್ತಗಳನ್ನೂ ಒಂದೇ ಸಂಖ್ಯೆಯಿಂದ ಗುಣಿಸಿ ಮರೆಮಾಡಿದರೆ ಪರಸ್ಪರ ಪ್ರಮಾಣ ಕೆಡುವುದಿಲ್ಲ. ಆದರೆ ಹೊಗಳಿಕೆಗೆ ತೆಗಳಿಕೆಯದೇ ನಿಯಮ: ಯಾರು ಹೇಳಿದರು ಎಂಬುದಿದ್ದರೆ ಅವರ ಹೆಸರಲ್ಲಿ ಒಳಗೆ, ಇಲ್ಲದಿದ್ದರೆ ಹೊರಗೆ.

ಕೊನೆಯ ಪರೀಕ್ಷೆಗೆ ಬೇಕಾದವರು ಕಂಪನಿಯ ಗಂಧಗಾಳಿ ಇಲ್ಲದ ಇಬ್ಬರು ಓದುಗರು. ಅವರಿಗೆ ಕೇಸ್ ಮಾತ್ರ ಕೊಡಬೇಕು, ನೋಟ್ ಕೊಡಬಾರದು. ‘ನೀವೇನು ಮಾಡುತ್ತೀರಿ?’ ಎಂದು ಕೇಳುವ ಮೊದಲು ‘ಬರೆದವರು ಯಾರ ಕಡೆ?’ ಎಂದು ಕೇಳಬೇಕು. ಇಬ್ಬರೂ ಥಟ್ಟನೆ ಒಂದೇ ಹೆಸರು ಹೇಳಿದರೆ, ಯಾವ ವಾಕ್ಯ ಓದಿ ಹಾಗನಿಸಿತು ಎಂದು ತೋರಿಸಲು ಹೇಳಬೇಕು. ಸಾಮಾನ್ಯವಾಗಿ ಅವರು ಬೆರಳಿಡುವುದು ಸಂಪಾದಕರ ಪೆನ್ಸಿಲ್ ಹಾಯದೆ ಹೋದ ಒಂದು ಚಿಕ್ಕ ಪದದ ಮೇಲೆ. ಅದನ್ನು ತಿದ್ದಿ ಬೇರೆ ಇಬ್ಬರಿಗೆ ಕೊಡಬೇಕು.